ಹೊಡೆಯದೆ ಬಿಡುವಂತಿಲ್ಲ

ಚೆಕರ್ಸ್ ಎಂದೂ ಡ್ರಾಫ್ಟ್ಸ್ ಎಂದೂ ಹೆಸರಾದ ಆಟವನ್ನು ಮಕ್ಕಳೂ ಬೇಗ ಕಲಿಯುತ್ತಾರೆ. ಚದುರಂಗದ ಹಾಸಿನ ಕಪ್ಪು ಮನೆಗಳಲ್ಲಿ ಮಾತ್ರ ಕಾಯಿಗಳಿರುತ್ತವೆ, ಓರೆಯಾಗಿ ಒಂದೊಂದೇ ಮನೆ ಮುಂದೆ ಸಾಗುತ್ತವೆ. ಹುಲಿ-ಕುರಿ ಆಟದಲ್ಲಿ ಹುಲಿ ಕುರಿಯ ಮೇಲೆ ಹಾರುವಂತೆ ಇಲ್ಲಿ ಎದುರಾಳಿಯ ಕಾಯಿಯನ್ನು ದಾಟಿ ಆಚೆಯ ಖಾಲಿ ಮನೆಯಲ್ಲಿ ಇಳಿದರೆ ಅದು ಹೊಡೆತ. ಇಳಿದ ಕಡೆಯಿಂದ ಇನ್ನೊಂದು ಹೊಡೆತ ಸಿಕ್ಕರೆ ಅದೇ ಸರದಿಯಲ್ಲಿ ಮುಂದುವರಿಯಬೇಕು. ಎದುರಿನ ಕೊನೆಯ ಸಾಲು ಮುಟ್ಟಿದ ಕಾಯಿ ರಾಜನಾಗುತ್ತದೆ. ಇಷ್ಟರವರೆಗೆ ಲಂಡನ್ನಿನವರಿಗೂ ಮಾಸ್ಕೋದವರಿಗೂ ತಕರಾರಿಲ್ಲ. ಆದರೆ ಅವರಿಬ್ಬರನ್ನೂ ಒಂದೇ ಹಾಸಿನ ಎದುರು ಕೂರಿಸಿದರೆ ಆಟ ಮುಗಿಯುವ ಮೊದಲೇ ಜಗಳ ಹುಟ್ಟುವುದು ಖಂಡಿತ. ಎರಡು ಪ್ರಶ್ನೆಗಳಿಗೆ ಅವರ ಉತ್ತರ ಬೇರೆ ಬೇರೆ: ಯಾವ ಹೊಡೆತ ಕಡ್ಡಾಯ? ರಾಜ ಎಷ್ಟು ದೂರ ಹೋಗಬಲ್ಲ?

ಮೊದಲು ಕಡ್ಡಾಯದ ಮಾತು. ಚದುರಂಗದಲ್ಲಿ ಎದುರಾಳಿ ಕುದುರೆಯನ್ನು ಬಲಿಗಿಟ್ಟರೆ ಅನುಮಾನಪಟ್ಟು ಬಿಟ್ಟುಬಿಡಬಹುದು. ಚೆಕರ್ಸ್‌ನಲ್ಲಿ ಆ ಸ್ವಾತಂತ್ರ್ಯವಿಲ್ಲ. ಹೊಡೆಯಲು ಸಾಧ್ಯವಿದ್ದರೆ ಹೊಡೆಯಲೇಬೇಕು. ಆಟದ ಚತುರತೆಯೆಲ್ಲ ಹುಟ್ಟುವುದು ಇಲ್ಲಿಂದಲೇ.

ಒಂದು ಸಣ್ಣ ಸ್ಥಿತಿ ನೋಡೋಣ. ಚದುರಂಗದಲ್ಲಿದ್ದಂತೆ ಮನೆಗಳಿಗೆ ಎಡದಿಂದ ಎ, ಬಿ, ಸಿ ಎಂದೂ ಬಿಳಿಯ ಕಡೆಯಿಂದ 1, 2, 3 ಎಂದೂ ಗುರುತು. ಬಿಳಿಯ ಕಾಯಿಗಳು ಬಿ2, ಸಿ3, ಡಿ4, ಎಫ್4ರಲ್ಲಿವೆ, ಕಪ್ಪಿನವು ಡಿ6 ಮತ್ತು ಎಫ್6ರಲ್ಲಿ. ಬಿಳಿಯ ಆಟಗಾರ ಡಿ4ರ ಕಾಯಿಯನ್ನು ಇ5ಕ್ಕೆ ಸರಿಸಿ ಎರಡು ಕಪ್ಪು ಕಾಯಿಗಳ ಬಾಯಿಗೇ ಕೊಡುತ್ತಾನೆ. ಡಿ6ರ ಕಾಯಿ ಹೊಡೆಯಲಾರದು, ಅದು ಇಳಿಯಬೇಕಾದ ಎಫ್4 ತುಂಬಿದೆ. ಎಫ್6ರ ಕಾಯಿಗೆ ಮಾತ್ರ ದಾರಿ ಇದೆ, ದಾರಿ ಇರುವುದರಿಂದ ಅದು ಹೋಗಲೇಬೇಕು. ಅದು ಇ5ನ್ನು ಹೊಡೆದು ಡಿ4ರಲ್ಲಿ ಇಳಿಯುತ್ತದೆ. ಬಿ2ರಲ್ಲಿ ಕಾವಲಿರುವುದರಿಂದ ಸಿ3ನ್ನು ದಾಟಲಾಗದೆ ಅಲ್ಲೇ ನಿಲ್ಲುತ್ತದೆ. ಈಗ ಸಿ3ರ ಬಿಳಿ ಕಾಯಿ ಡಿ4ರ ಮೇಲೆ ಹಾರಿ ಇ5ಕ್ಕೆ, ಅಲ್ಲಿಂದ ಡಿ6ರ ಮೇಲೆ ಹಾರಿ ಸಿ7ಕ್ಕೆ. ಒಂದು ಕೊಟ್ಟು ಎರಡು ಪಡೆದಂತಾಯಿತು. ಕಪ್ಪಿನವನು ಮೋಸವನ್ನು ಮೊದಲೇ ಕಂಡಿದ್ದರೂ ತಪ್ಪಿಸಿಕೊಳ್ಳುವಂತಿರಲಿಲ್ಲ. ಹಾಗಾಗಿ ಪಳಗಿದ ಆಟಗಾರ 'ಎದುರಾಳಿ ಏನು ಆಡಿಯಾನು' ಎಂದು ಊಹಿಸುತ್ತ ಕೂರುವುದಿಲ್ಲ. 'ಏನು ಆಡದೆ ಅವನಿಗೆ ಗತ್ಯಂತರವಿಲ್ಲ' ಎಂಬುದನ್ನು ಹುಡುಕುತ್ತಾನೆ.

ಹೊಡೆಯಲು ಮರೆತರೆ? ಹಳೆಯ ಇಂಗ್ಲಿಷ್ ಪದ್ಧತಿಯಲ್ಲಿ ಇದಕ್ಕೊಂದು ಶಿಕ್ಷೆಯಿತ್ತು. ಹೊಡೆಯಬೇಕಿದ್ದ ಕಾಯಿಯನ್ನು ಎದುರಾಳಿ ಹಾಸಿನಿಂದ ಎತ್ತಿಟ್ಟು, ಆಮೇಲೆ ತನ್ನ ನಡೆಯನ್ನೂ ಆಡುತ್ತಿದ್ದ. ಸ್ಪರ್ಧೆಗಳು ಇದನ್ನು ಕೈಬಿಟ್ಟಿವೆ. ಈಗ ತಪ್ಪು ನಡೆಯನ್ನು ಹಿಂದೆಗೆದುಕೊಂಡು ಹೊಡೆತವನ್ನೇ ಆಡಬೇಕು. ಇದು ಒಳ್ಳೆಯ ಬದಲಾವಣೆ. ದಂಡ ಕಟ್ಟಿ ಹೊಡೆತ ತಪ್ಪಿಸಿಕೊಳ್ಳಬಹುದು ಎಂದಾದರೆ ಮೇಲಿನಂಥ ಲೆಕ್ಕಾಚಾರಕ್ಕೆ ಅರ್ಥವೇ ಇರುವುದಿಲ್ಲ.

ಒಂದಕ್ಕಿಂತ ಹೆಚ್ಚು ಹೊಡೆತಗಳು ಎದುರಿದ್ದಾಗ ದಾರಿಗಳು ಕವಲೊಡೆಯುತ್ತವೆ. ಇಂಗ್ಲಿಷ್ ಮತ್ತು ರಷ್ಯನ್ ಆಟಗಳಲ್ಲಿ ಯಾವುದನ್ನು ಬೇಕಾದರೂ ಆರಿಸಬಹುದು, ಆರಿಸಿದ್ದನ್ನು ಕೊನೆಮುಟ್ಟಿಸಬೇಕು ಅಷ್ಟೆ. ನೂರು ಮನೆಗಳ ಹಾಸಿನಲ್ಲಿ ಇಪ್ಪತ್ತಿಪ್ಪತ್ತು ಕಾಯಿಗಳಿಂದ ಆಡುವ ಅಂತರರಾಷ್ಟ್ರೀಯ ಆಟದಲ್ಲಿ ಆಯ್ಕೆ ಇಲ್ಲ: ಅತಿ ಹೆಚ್ಚು ಕಾಯಿಗಳು ಸಿಗುವ ದಾರಿಯನ್ನೇ ಹಿಡಿಯಬೇಕು. ಎರಡು ಹೊಡೆದರೆ ಗೆಲುವು, ಮೂರು ಹೊಡೆದರೆ ಸೋಲು ಎಂದು ಗೊತ್ತಿದ್ದರೂ ಮೂರನ್ನೇ ಹೊಡೆಯಬೇಕು. ಆದ್ದರಿಂದ ಅಲ್ಲಿ ಬಲಿ ಕೊಡುವವನು ಎದುರಾಳಿಯ ಕಾಯಿ ಎಲ್ಲಿ ಹೋಗಿ ನಿಲ್ಲಬೇಕು ಎಂಬುದನ್ನೂ ತಾನೇ ನಿರ್ಧರಿಸಬಲ್ಲ. ಮುಂದೆ ಮಾತ್ರ ನಡೆಯುವ ಸಾದಾ ಕಾಯಿ ರಷ್ಯನ್ ಮತ್ತು ಅಂತರರಾಷ್ಟ್ರೀಯ ಆಟಗಳಲ್ಲಿ ಹಿಂದಕ್ಕೂ ಹೊಡೆಯಬಹುದು, ಇಂಗ್ಲಿಷ್ ಆಟದಲ್ಲಿ ಹೊಡೆಯುವಂತಿಲ್ಲ. ಇಟಲಿಯವರದು ಇನ್ನೊಂದು ಬಗೆ, ಅಲ್ಲಿ ಸಾದಾ ಕಾಯಿ ರಾಜನನ್ನು ಹೊಡೆಯುವಂತೆಯೇ ಇಲ್ಲ.

ಇನ್ನು ರಾಜ. ಇಂಗ್ಲಿಷ್ ಆಟದ ರಾಜನಿಗೆ ಹಿಂದಕ್ಕೂ ನಡೆಯುವ ಹಕ್ಕು ಸಿಗುತ್ತದೆ, ಆದರೆ ಹೆಜ್ಜೆ ಒಂದೇ ಮನೆಯಷ್ಟು. ರಷ್ಯನ್, ಅಂತರರಾಷ್ಟ್ರೀಯ, ಸ್ಪ್ಯಾನಿಷ್, ಬ್ರೆಜಿಲಿಯನ್ ಆಟಗಳ ರಾಜ ಚದುರಂಗದ ಒಂಟೆಯ ಹಾಗೆ ಓರೆ ಸಾಲಿನುದ್ದಕ್ಕೂ ಓಡುತ್ತಾನೆ. ದೂರದ ಕಾಯಿಯನ್ನೂ ಹೊಡೆಯುತ್ತಾನೆ, ಅದರಾಚೆ ಖಾಲಿ ಇರುವ ಮನೆಗಳಲ್ಲಿ ಬೇಕಾದ ಕಡೆ ಇಳಿಯುತ್ತಾನೆ.

ರಾಜ ಹುಟ್ಟುವ ಕ್ಷಣದಲ್ಲೂ ವ್ಯತ್ಯಾಸವಿದೆ. ಬಿಳಿಯ ಸಾದಾ ಕಾಯಿಯೊಂದು ಎಫ್6ರಲ್ಲಿದೆ ಎನ್ನಿ. ಕಪ್ಪಿನವು ಇ7, ಬಿ6, ಸಿ3ರಲ್ಲಿವೆ, ಸರದಿ ಬಿಳಿಯದು. ಇ7ನ್ನು ಹೊಡೆದು ಡಿ8ಕ್ಕೆ, ಅಂದರೆ ಕೊನೆಯ ಸಾಲಿಗೆ ಹೋಗುವುದು ಎಲ್ಲ ಆಟಗಳಲ್ಲೂ ಒಂದೇ. ಇಂಗ್ಲಿಷ್ ಆಟದಲ್ಲಿ ಅಲ್ಲಿಗೆ ಕಿರೀಟ ಬಂತು, ಸರದಿ ಮುಗಿಯಿತು. ರಷ್ಯನ್ ಆಟದಲ್ಲಿ ಮುಟ್ಟಿದ ಗಳಿಗೆಯಲ್ಲೇ ಅದು ರಾಜ, ರಾಜನಾಗಿಯೇ ಹೊಡೆತ ಮುಂದುವರಿಸಬೇಕು. ಡಿ8ರಿಂದ ಖಾಲಿ ಸಿ7ರ ಮೇಲೆ ಸಾಗಿ ಬಿ6ನ್ನು ಹೊಡೆದು ಎ5ರಲ್ಲಿ ಇಳಿಯುತ್ತಾನೆ. ಅಲ್ಲಿಂದ ತಿರುಗಿ ಸಿ3ನ್ನೂ ಹೊಡೆದು ಡಿ2ರಲ್ಲೋ ಇ1ರಲ್ಲೋ ನಿಲ್ಲುತ್ತಾನೆ. ಒಂದೇ ಸರದಿಯಲ್ಲಿ ಮೂರೂ ಕಾಯಿ ಹೋದವು, ಆಟ ಮುಗಿಯಿತು. ಬ್ರೆಜಿಲಿಯನ್ ಆಟ ಇದೇ ಅರವತ್ತನಾಲ್ಕು ಮನೆಗಳ ಹಾಸಿನಲ್ಲಿ ಅಂತರರಾಷ್ಟ್ರೀಯ ನಿಯಮ ಪಾಲಿಸುತ್ತದೆ. ಅಲ್ಲಿ ಹೊಡೆತ ಮುಗಿದು ಕೊನೆಯ ಸಾಲಿನಲ್ಲಿ ನಿಂತ ಮೇಲೆಯೇ ಕಿರೀಟ. ಡಿ8ರಲ್ಲಿ ನಿಂತ ರಾಜನಿಗೆ ಬಿ6 ಕಣ್ಣಿಗೆ ಕಾಣುತ್ತಿದೆ, ಆದರೆ ಸರದಿ ಕಪ್ಪಿನದು, ಬಿ6ರ ಕಾಯಿ ಸಿ5ಕ್ಕೋ ಎ5ಕ್ಕೋ ಸರಿದು ಸದ್ಯಕ್ಕೆ ಬದುಕುತ್ತದೆ.

ಉದ್ದ ನಡೆಯ ರಾಜನಿಗೂ ಒಂದು ಅಂಕುಶವಿದೆ. ರಷ್ಯನ್ ಮತ್ತು ಅಂತರರಾಷ್ಟ್ರೀಯ ಆಟಗಳಲ್ಲಿ ಹೊಡೆದ ಕಾಯಿಗಳನ್ನು ಎತ್ತುವುದು ಇಡೀ ಹೊಡೆತ ಮುಗಿದ ಮೇಲೆ. ಅಲ್ಲಿಯವರೆಗೆ ಅವು ಹಾಸಿನ ಮೇಲೆ ಗೋಡೆಯಾಗಿ ನಿಂತಿರುತ್ತವೆ, ಒಂದೇ ಕಾಯಿಯನ್ನು ಎರಡು ಸಲ ದಾಟುವಂತಿಲ್ಲ. ಸುತ್ತಿ ಬಂದ ರಾಜ ತಾನೇ ಹೊಡೆದ ಕಾಯಿಗೆ ಅಡ್ಡಗಟ್ಟಿಸಿಕೊಂಡು, ಎದುರಾಳಿಯ ಸಾದಾ ಕಾಯಿಯ ಪಕ್ಕದಲ್ಲಿ ನಿಂತು ಬಲಿಯಾಗುವುದುಂಟು. ಇದಕ್ಕೆ 'ಟರ್ಕಿಶ್ ಹೊಡೆತ' ಎಂದು ಹೆಸರು. ವಿಚಿತ್ರವೆಂದರೆ, ಕಾಯಿಗಳು ನೇರ ಸಾಲಿನಲ್ಲಿ ನಡೆಯುವ ಟರ್ಕಿಶ್ ಆಟದಲ್ಲೇ ಈ ಬಲೆಗೆ ಜಾಗವಿಲ್ಲ. ಅಲ್ಲಿ ಹೊಡೆದ ಕಾಯಿಯನ್ನು ಆ ಕೂಡಲೇ ಎತ್ತುತ್ತಾರೆ.

ರಾಜನ ಉದ್ದ ಆಟದ ಕೊನೆಯನ್ನೂ ಬದಲಿಸುತ್ತದೆ. ಇಂಗ್ಲಿಷ್ ಆಟದಲ್ಲಿ ಒಂಟಿ ರಾಜನನ್ನು ಸೋಲಿಸಲು ಸಾಮಾನ್ಯವಾಗಿ ಇಬ್ಬರು ರಾಜರು ಸಾಕು. ರಷ್ಯನ್ ಆಟದಲ್ಲಿ ಒಂಟಿ ರಾಜ ಎ1ರಿಂದ ಎಚ್8ರವರೆಗಿನ ಹೆದ್ದಾರಿಯನ್ನು ಹಿಡಿದು ಕುಳಿತರೆ ಮೂವರು ಬಂದರೂ ಡ್ರಾ. ಹೆದ್ದಾರಿ ಅವನ ಕೈಯಲ್ಲಿಲ್ಲದಿದ್ದರೆ ಮೂವರೂ ತ್ರಿಕೋನವಾಗಿ ನಿಂತು, ಒಬ್ಬನನ್ನು ಬಲಿಕೊಟ್ಟು, ಹದಿನೈದು ನಡೆಗಳೊಳಗೆ ಅವನನ್ನು ಹಿಡಿಯಬಲ್ಲರು. 1827ರಲ್ಲಿ ರಷ್ಯನ್ ಡ್ರಾಫ್ಟ್ಸ್ ಬಗ್ಗೆ ಪುಸ್ತಕ ಪ್ರಕಟಿಸಿದ ಚದುರಂಗದ ಆಟಗಾರ ಅಲೆಕ್ಸಾಂಡರ್ ಪೆತ್ರೋವ್ ಹೆಸರಿನಲ್ಲಿ ಇದನ್ನು 'ಪೆತ್ರೋವ್ ತ್ರಿಕೋನ' ಎನ್ನುತ್ತಾರೆ. ಒಂಟಿ ರಾಜನನ್ನು ತ್ರಿಕೋನದೊಳಕ್ಕೆ ಎಳೆಯುವುದೂ ಕಡ್ಡಾಯ ಹೊಡೆತವೇ. ನೂರು ಮನೆಗಳ ಹಾಸಿನಲ್ಲಿ ಮೂವರಿಂದಲೂ ಸಾಮಾನ್ಯವಾಗಿ ಗೆಲ್ಲಲಾಗದು.

ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಜೊನಾಥನ್ ಶೇಫರ್ ಮತ್ತು ಸಂಗಡಿಗರು, ಇಬ್ಬರೂ ತಪ್ಪಿಲ್ಲದೆ ಆಡಿದರೆ ಚೆಕರ್ಸ್ ಡ್ರಾ ಆಗುತ್ತದೆ ಎಂದು 2007ರಲ್ಲಿ ಕಂಪ್ಯೂಟರಿನಿಂದ ಸಾಧಿಸಿ ತೋರಿಸಿದರು. ಆ ಮಾತು ಗಿಡ್ಡ ನಡೆಯ ರಾಜನಿರುವ ಇಂಗ್ಲಿಷ್ ಆಟಕ್ಕೆ ಮಾತ್ರ ಸಲ್ಲುತ್ತದೆ. ನೂರು ಮನೆಗಳ ಆಟಕ್ಕೆ ಅಂಥ ಉತ್ತರ ಸಿಕ್ಕಿಲ್ಲ. ಮೊಬೈಲಿನ ಆಟವೊಂದು ನಿಮ್ಮ ನಡೆಯನ್ನು ಒಪ್ಪದೆ ಬೇರೆ ಕಾಯಿಯನ್ನೇ ಮುಟ್ಟು ಎಂದು ಹಟ ಹಿಡಿದರೆ, ಅದು ಯಾವ ದೇಶದ ನಿಯಮದಲ್ಲಿ ಆಡುತ್ತಿದೆ ಎಂದು ಸೆಟ್ಟಿಂಗ್ಸ್‌ನಲ್ಲಿ ಮೊದಲು ನೋಡಿ.