ಗಂಟಲು ನೋವು ಎನ್ನಲು ಬಾರದ ಕೂಸು

ನಾನು ಹೃದಯದ ಡಾಕ್ಟರ್, ಮಕ್ಕಳ ಡಾಕ್ಟರ್ ಅಲ್ಲ. ಆದರೂ ಈ ಸಲ ಒಂದರಿಂದ ಮೂರು ವರ್ಷದ ಮಕ್ಕಳ ಗಂಟಲಿನ ಬಗ್ಗೆ ಬರೆಯುತ್ತಿದ್ದೇನೆ. ಯಾಕೆ ಅನ್ನುವುದು ಕೊನೆಗೆ ಗೊತ್ತಾಗುತ್ತದೆ.

ಕಳೆದ ಮಳೆಗಾಲದ ಒಂದು ಶನಿವಾರ ಸಂಜೆ, ಇಲ್ಲೇ ವರ್ತಕ ನಗರದಲ್ಲಿ, ನಮ್ಮ ಬಿಲ್ಡಿಂಗಿನ ಧಾರವಾಡ ಕಡೆಯ ದಂಪತಿ ಹದಿನೇಳು ತಿಂಗಳ ಮಗನನ್ನು ಎತ್ತಿಕೊಂಡು ಬಂದರು. ಹಿಂದಿನ ದಿನ ಪಾಳಣಾಘರದ ಬಾಯಿ ಮಗುವನ್ನು ಒಪ್ಪಿಸುವಾಗ ಮರಾಠಿಯಲ್ಲಿ ಎರಡೇ ಮಾತು ಹೇಳಿದ್ದರಂತೆ: ‘ಜೇವತ್ ನಾಹೀ, ಲಾಳ್ ಗಳತೇ.’ ಉಣ್ಣುತ್ತಿಲ್ಲ, ಜೊಲ್ಲು ಸುರಿಯುತ್ತಿದೆ. ರಾತ್ರಿ ವಿಡಿಯೋ ಕಾಲಿನಲ್ಲಿ ಊರಿನ ಅಜ್ಜಿ, ‘ಹಲ್ಲು ಬರಾಕತ್ತಾವ, ಬಿಡ್ರಿ’ ಎಂದರು. ನಡುರಾತ್ರಿ 102 ಡಿಗ್ರಿ ಜ್ವರ ಬಂತು. ಬೆಳಗ್ಗೆಯಿಂದ ಬಲಗಿವಿ ಎಳೆದುಕೊಳ್ಳುತ್ತಿದ್ದ. ಅಪ್ಪ ಕಿವಿಗೆ ಬೆಚ್ಚಗಿನ ಎಣ್ಣೆ ಬಿಡೋಣ ಎಂದು ಹೊರಟಿದ್ದರು, ಅಮ್ಮ ತಡೆದಿದ್ದರು.

ನಾನು ಆ ತಾಯಿಗೆ ಕೇಳಿದ್ದು ಒಂದೇ ಪ್ರಶ್ನೆ: ಅವನು ಹಾಲು ಬೇಡ ಅಂತಾನೋ, ಬೇಕು ಅಂತ ಬಂದು ಬಿಡ್ತಾನೋ?

‘ಬಾಟಲಿ ಕಂಡ್ರ ಓಡಿ ಬರ್ತಾನ್ರಿ. ಎರಡು ಸಲ ಚೀಪ್ತಾನ, ಆಮೇಲೆ ಚೀರಿ ಒಗದು ಬಿಡ್ತಾನ.’

ರೋಗ ಎಲ್ಲಿದೆ ಎನ್ನುವುದಕ್ಕೆ ಈ ಉತ್ತರವೇ ದಾರಿ ತೋರಿಸುತ್ತದೆ. ಬರೀ ಜ್ವರದಿಂದ ಹಸಿವು ಸತ್ತ ಮಗು ಬಟ್ಟಲಿನ ಕಡೆ ನೋಡುವುದೇ ಇಲ್ಲ. ಗಂಟಲು ನೋಯುವ ಮಗುವಿಗೆ ಹಸಿವಿರುತ್ತದೆ. ಅದು ಆಸೆಯಿಂದ ಬರುತ್ತದೆ, ಒಂದು ಗುಟುಕು ನುಂಗುತ್ತದೆ, ನೋವಾಗುತ್ತಲೇ ಅಳುತ್ತದೆ. ಜೊಲ್ಲಿಗೂ ಇದೇ ಕಾರಣ. ಬಾಯಲ್ಲಿ ಎಂಜಲು ದಿನವಿಡೀ ಊರುತ್ತಲೇ ಇರುತ್ತದೆ, ನಾವು ಗಮನವಿಲ್ಲದೆ ನುಂಗುತ್ತಿರುತ್ತೇವೆ. ನುಂಗಿದರೆ ನೋವು ಎಂದು ಗೊತ್ತಾದ ಮಗು ನುಂಗುವುದನ್ನೇ ನಿಲ್ಲಿಸುತ್ತದೆ, ಆಗ ಅದು ಗದ್ದದ ಮೇಲೆ ಇಳಿಯುತ್ತದೆ.

ಹಲ್ಲು ಬರುವಾಗಲೂ ಜೊಲ್ಲು ಸುರಿಯುತ್ತದೆ, ಅಜ್ಜಿ ಹೇಳಿದ್ದು ಪೂರ್ತಿ ತಪ್ಪಲ್ಲ. ಆದರೆ ಆ ಜೊಲ್ಲು ವಾರಗಟ್ಟಲೆ ಇರುತ್ತದೆ, ಮಗು ಸಿಕ್ಕಿದ್ದನ್ನೆಲ್ಲ ಕಚ್ಚುತ್ತದೆ, ನುಂಗುವಾಗ ಅಳುವುದಿಲ್ಲ. ಹಲ್ಲಿನಿಂದ 102 ಜ್ವರ ಬರುವುದಿಲ್ಲ. ನಿನ್ನೆಯವರೆಗೆ ಒಣಗಿದ್ದ ಅಂಗಿ ಇವತ್ತು ತೊಯ್ದು ಹೋಗಿದ್ದರೆ ಹಲ್ಲಿನ ಮೇಲೆ ಹಾಕಬೇಡಿ.

ಇನ್ನು ಕಿವಿ. ಗಂಟಲಿನ ಹಿಂಭಾಗಕ್ಕೂ ಕಿವಿಯ ಒಳಭಾಗಕ್ಕೂ ಒಂದೇ ನರದ ಕವಲುಗಳು ಹೋಗುತ್ತವೆ. ಗಂಟಲಿನ ನೋವನ್ನು ಮೆದುಳು ಕಿವಿಯದು ಎಂದು ತಿಳಿಯುತ್ತದೆ. ನನ್ನ ರೋಗಿಗಳಲ್ಲಿ ನಾನು ದಿನವೂ ನೋಡುವುದು ಇದನ್ನೇ: ತೊಂದರೆ ಹೃದಯದಲ್ಲಿ, ನೋವು ಎಡಗೈಯಲ್ಲಿ. ಹಾಗಂತ ಕಿವಿ ಎಳೆದ ಮಗುವಿಗೆಲ್ಲ ಗಂಟಲು ನೋವೇ ಎಂದಲ್ಲ. ನಿದ್ದೆ ಬಂದಾಗಲೂ ಮಕ್ಕಳು ಕಿವಿ ಎಳೆಯುತ್ತವೆ, ಜ್ವರವಿಲ್ಲದೆ ಅದೊಂದೇ ಇದ್ದರೆ ಹೆಚ್ಚಿನ ಸಲ ಏನೂ ಇರುವುದಿಲ್ಲ. ನಿಜವಾದ ಕಿವಿಯ ಸೋಂಕು ಹೆಚ್ಚಾಗಿ ನಾಲ್ಕಾರು ದಿನದ ನೆಗಡಿಯ ಬೆನ್ನಿಗೆ ಬರುತ್ತದೆ. ಯಾವುದು ಎಂದು ಖಚಿತವಾಗಬೇಕಾದರೆ ಮಕ್ಕಳ ಡಾಕ್ಟರ್ ಕಿವಿಯೊಳಗೆ ದೀಪ ಹಾಕಿ ತಮಟೆಯನ್ನು ನೋಡಲೇಬೇಕು. ಅದಕ್ಕೇ ಎಣ್ಣೆ ಬೇಡ. ಎಣ್ಣೆ ಬಿಟ್ಟ ಕಿವಿಯಲ್ಲಿ ಅವರಿಗೆ ಏನೂ ಕಾಣುವುದಿಲ್ಲ, ತಮಟೆ ತೂತಾಗಿದ್ದರೆ ಎಣ್ಣೆ ಒಳಗೂ ಹೋಗುತ್ತದೆ.

ಅವತ್ತೇ ಮಕ್ಕಳ ಡಾಕ್ಟರ್ ನೋಡಿದರು. ಕಿವಿ ಚೆನ್ನಾಗಿತ್ತು. ಅತ್ತಾಗ ಬಾಯಿ ತೆರೆದದ್ದರಲ್ಲಿ ಕಿರುನಾಲಿಗೆಯ ಅಕ್ಕಪಕ್ಕ ಐದಾರು ಸಣ್ಣ ಬಿಳಿ ಬೊಕ್ಕೆಗಳು, ಸುತ್ತ ಕೆಂಪು ಉಂಗುರ. ವೈರಸ್ಸಿನ ಹುಣ್ಣು. ಮರುದಿನ ಅಂಗೈ, ಅಂಗಾಲಿನಲ್ಲೂ ಗುಳ್ಳೆ ಎದ್ದವು. ಅಂದರೆ ಇದು ಕೈ–ಕಾಲು–ಬಾಯಿ ರೋಗ. 2022ರಲ್ಲಿ ಕೇರಳದ ಕೊಲ್ಲಂನಿಂದ ‘ಟೊಮ್ಯಾಟೊ ಜ್ವರ’ ಎಂದು ಎಲ್ಲರ ಫೋನಿಗೂ ಬಂದು ಹೆದರಿಸಿತ್ತಲ್ಲ, ಅದೂ ಇದರದೇ ಒಂದು ರೂಪ. ಆಂಟಿಬಯಾಟಿಕ್ ಇದಕ್ಕೆ ಕೆಲಸ ಮಾಡುವುದಿಲ್ಲ, ತಾನಾಗಿ ವಾರದಲ್ಲಿ ಹೋಗುತ್ತದೆ. ಆ ವಾರದಲ್ಲಿ ಮಗುವಿನ ಮೈಯಲ್ಲಿ ನೀರು ಕಡಿಮೆಯಾಗದಂತೆ ನೋಡಿಕೊಳ್ಳುವುದೇ ಚಿಕಿತ್ಸೆ. ಈ ಮಗು ಕೊನೆಯ ಸಲ ಉಚ್ಚೆ ಮಾಡಿದ್ದು ಮಧ್ಯಾಹ್ನ ಎರಡಕ್ಕೆ, ನಮ್ಮ ಮನೆಗೆ ಬಂದಾಗ ಎಂಟಾಗಿತ್ತು. ಆರು ಗಂಟೆಗೆ ಎಚ್ಚರವಾಗಬೇಕು. ಎಂಟು ಗಂಟೆ ಡೈಪರ್ ಒಣಗಿದ್ದರೆ, ಅತ್ತರೂ ಕಣ್ಣೀರು ಬರದಿದ್ದರೆ, ಮಗು ತೂಕಡಿಸುತ್ತಿದ್ದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಬೇಕು.

ಮೊದಲು ನೋವು ಕಡಿಮೆ ಮಾಡಿ, ಆಮೇಲೆ ಕುಡಿಸಿ. ನಾವು ಇದನ್ನು ಉಲ್ಟಾ ಮಾಡುತ್ತೇವೆ: ಮೊದಲು ಬಲವಂತವಾಗಿ ಕುಡಿಸಲು ಹೋಗಿ, ಮಗು ಹೆದರಿ, ಆಮೇಲೆ ಬಟ್ಟಲು ಕಂಡರೇ ಅಳುವ ಹಾಗೆ ಮಾಡುತ್ತೇವೆ. ಪ್ಯಾರಾಸಿಟಮಾಲ್ ಜ್ವರಕ್ಕಷ್ಟೇ ಅಲ್ಲ, ಗಂಟಲು ನೋವಿಗೂ ಔಷಧಿ. ಅಳತೆ ಮಗುವಿನ ತೂಕದ ಮೇಲೆ, ಕಿಲೋಗೆ 15 ಮಿಲಿಗ್ರಾಂ. ಈ ಮಗು ಹತ್ತು ಕಿಲೋ, ಆದ್ದರಿಂದ ಒಂದು ಸಲಕ್ಕೆ 150 ಮಿಲಿಗ್ರಾಂ. ತಪ್ಪುವುದು ಇಲ್ಲಿಂದ ಮುಂದೆ. ಅಂಗಡಿಯಲ್ಲಿ ಐದು ಎಂಎಲ್‌ಗೆ 120 ಮಿಲಿಗ್ರಾಂ ಇರುವ ಸಿರಪ್ಪೂ ಸಿಗುತ್ತದೆ, 250 ಇರುವುದೂ ಸಿಗುತ್ತದೆ. ಮೊದಲನೆಯದಾದರೆ ಈ ಮಗುವಿಗೆ ಆರು ಎಂಎಲ್ ಬೇಕು, ಎರಡನೆಯದಾದರೆ ಮೂರೇ ಸಾಕು. ಎಳೆಮಕ್ಕಳ ಡ್ರಾಪ್ಸ್ ಇನ್ನೂ ಗಟ್ಟಿ, ಅದರ ಲೆಕ್ಕವೇ ಬೇರೆ. ‘ಊರಲ್ಲಿ ಒಂದು ಚಮಚ ಹಾಕುತ್ತಿದ್ದೆವು’ ಎಂಬ ಲೆಕ್ಕ ಇಲ್ಲಿಯ ಬಾಟಲಿಗೆ ಹೊಂದುವುದಿಲ್ಲ. ಬಾಟಲಿಯ ಮೇಲಿನ ಸಂಖ್ಯೆ ಓದಿ, ಡಾಕ್ಟರ್ ಹತ್ತಿರ ಒಮ್ಮೆ ಖಚಿತ ಮಾಡಿಕೊಳ್ಳಿ. ಎರಡು ಡೋಸಿನ ನಡುವೆ ಆರು ಗಂಟೆ, ದಿನಕ್ಕೆ ನಾಲ್ಕಕ್ಕಿಂತ ಹೆಚ್ಚಿಲ್ಲ. ಆಸ್ಪಿರಿನ್ ಕೊಡಲೇಬೇಡಿ.

ಔಷಧಿ ಕೊಟ್ಟು ಅರ್ಧ ಗಂಟೆ ಬಿಟ್ಟು ತಣ್ಣಗಿನದನ್ನು ಕುಡಿಸಿ. ಬಾಟಲಿ ಬೇಡ, ಚೀಪುವುದರಿಂದ ಹುಣ್ಣು ಇನ್ನಷ್ಟು ನೋಯುತ್ತದೆ. ಚಮಚ ಅಥವಾ ಸಣ್ಣ ಲೋಟ ಸಾಕು. ಓಆರ್‌ಎಸ್ ಆದರೆ ಎರಡು ನಿಮಿಷಕ್ಕೊಂದು ಚಮಚ. ಒಂದು ಚಮಚ ಐದು ಎಂಎಲ್, ಗಂಟೆಗೆ 150 ಎಂಎಲ್ ಒಳಗೆ ಹೋಯಿತು, ಹತ್ತು ಕಿಲೋದ ಮಗುವಿಗೆ ಅದು ಕಡಿಮೆಯಲ್ಲ. ಎದೆಹಾಲು ಕುಡಿಯುವ ಮಗುವಾದರೆ ಅದನ್ನು ನಿಲ್ಲಿಸಬೇಡಿ. ತಣ್ಣಗಾದ ರಾಗಿ ಗಂಜಿ, ಹುಳಿಯಿಲ್ಲದ ಮೊಸರನ್ನ, ಫ್ರಿಜ್ಜಿನಿಂದ ತೆಗೆದ ಹಾಲು, ಇವು ನೋಯುವ ಗಂಟಲಲ್ಲಿ ಸಲೀಸಾಗಿ ಇಳಿಯುತ್ತವೆ. ತಣ್ಣಗಿನದು ಕೊಟ್ಟರೆ ಕೆಮ್ಮು ಹೆಚ್ಚುತ್ತದೆ ಎಂಬ ಭಯ ಬೇಡ. ಮೆಣಸು, ಶುಂಠಿಯ ಕಷಾಯ, ಕಿತ್ತಳೆ ರಸ ಹುಣ್ಣಿಗೆ ಉರಿ. ಒಂದು ವರ್ಷ ತುಂಬದ ಮಗುವಿಗೆ ಜೇನುತುಪ್ಪ ಬೇಡವೇ ಬೇಡ. ಬೆರಳು ಹಾಕಿ ಗಂಟಲು ಒತ್ತಿಸುವವರ ಹತ್ತಿರವೂ ಹೋಗಬೇಡಿ. ಈ ಹುಡುಗ ರಾತ್ರಿ ಹತ್ತಕ್ಕೆ ಉಚ್ಚೆ ಮಾಡಿದ, ಸೋಮವಾರ ಜ್ವರ ಬಿಟ್ಟಿತು, ಬುಧವಾರ ಅನ್ನ ಉಂಡ.

ಆದರೆ ಎಲ್ಲ ಜೊಲ್ಲೂ ಇಷ್ಟು ಸಾಧುವಲ್ಲ. ಜೊಲ್ಲಿನ ಜೊತೆ ಮಗು ಮುಂದಕ್ಕೆ ಬಾಗಿ ಬಾಯಿ ತೆರೆದೇ ಕೂತಿದ್ದರೆ, ಉಸಿರು ಎಳೆಯುವಾಗ ಕೊರ್ ಎಂದು ಶಬ್ದ ಬಂದರೆ, ಧ್ವನಿ ಅದುಮಿದಂತಾದರೆ, ಕುತ್ತಿಗೆ ತಿರುಗಿಸಲು ಒಪ್ಪದಿದ್ದರೆ ಗಂಟಲಿನ ಆಳದಲ್ಲಿ ಬಾವು ಅಥವಾ ಕೀವು ಇರಬಹುದು, ಉಸಿರಿನ ದಾರಿ ಮುಚ್ಚಬಹುದು. ಆಗ ಚಮಚ ಹಾಕಿ ಗಂಟಲು ನೋಡಬೇಡಿ, ಅಂಗಾತ ಮಲಗಿಸಬೇಡಿ, ಹೇಗೆ ಕೂತಿದೆಯೋ ಹಾಗೇ ತೊಡೆಯ ಮೇಲೆ ಕೂರಿಸಿಕೊಂಡು ದೊಡ್ಡ ಆಸ್ಪತ್ರೆಗೆ ಹೋಗಿ. ಇಂಥ ಬಾವಿನ ಒಂದು ಮುಖ್ಯ ಕಾರಣವನ್ನು 6, 10, 14 ವಾರಕ್ಕೆ ಹಾಕುವ ಪೆಂಟಾವೇಲೆಂಟ್ ಲಸಿಕೆ ತಡೆಯುತ್ತದೆ. ಬಾಣಂತನ ಊರಲ್ಲಿ, ಆಮೇಲೆ ಇಲ್ಲಿ, ಹೀಗೆ ಓಡಾಡುವ ನಮ್ಮ ಮನೆಗಳಲ್ಲಿ ಮಧ್ಯದ ಒಂದು ಡೋಸ್ ಬಿಟ್ಟು ಹೋಗುವುದು ಸಾಮಾನ್ಯ. ಕಾರ್ಡ್ ತೆಗೆದು ನೋಡಿ. ಜ್ವರವೇ ಇಲ್ಲದೆ, ಆಡುತ್ತಿದ್ದ ಮಗು ಇದ್ದಕ್ಕಿದ್ದಂತೆ ಜೊಲ್ಲು ಸುರಿಸಿ ಊಟ ಬಿಟ್ಟರೆ ಏನೋ ನುಂಗಿರಬಹುದು. ರಿಮೋಟಿನ ಗುಂಡಿಯಂಥ ಬ್ಯಾಟರಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಸುಡಲು ಶುರು ಮಾಡುತ್ತದೆ. ಎಕ್ಸ್‌ರೇ ತಡಮಾಡಬೇಡಿ.

ಈಗ ನನ್ನ ವಿಭಾಗದ ಮಾತು. ಗಂಟಲಿನ ಸೋಂಕಿನಿಂದ ಹೃದಯದ ಕವಾಟ ಹಾಳಾಗುವುದನ್ನು ನೀವು ಕೇಳಿರುತ್ತೀರಿ. ಅದು ಹೆಚ್ಚಾಗಿ ಐದರಿಂದ ಹದಿನೈದು ವರ್ಷದವರ ರೋಗ, ಮೂರು ವರ್ಷದ ಒಳಗೆ ತೀರಾ ಅಪರೂಪ. ಈ ವಯಸ್ಸಿನಲ್ಲಿ ನಾನು ಹೆದರುವುದು ಇನ್ನೊಂದಕ್ಕೆ: ಕವಾಸಾಕಿ ರೋಗ. ಜಪಾನಿನ ಡಾಕ್ಟರ್ ತೊಮಿಸಾಕು ಕವಾಸಾಕಿ 1967ರಲ್ಲಿ ಇದನ್ನು ವಿವರಿಸಿದರು. ಇದು ರಕ್ತನಾಳಗಳ ಉರಿಯೂತ, ಐದು ವರ್ಷದ ಒಳಗಿನವರಲ್ಲೇ ಹೆಚ್ಚು. ಶುರುವಿನಲ್ಲಿ ಜ್ವರ, ಕೆಂಪು ಗಂಟಲು, ಊಟ ಬೇಡ. ಸಾಮಾನ್ಯ ಗಂಟಲು ನೋವಿನಂತೆಯೇ. ಒಂದು ಆಂಟಿಬಯಾಟಿಕ್ ಆಗುತ್ತದೆ, ಇನ್ನೊಂದಾಗುತ್ತದೆ, ಜ್ವರ ಇಳಿಯುವುದಿಲ್ಲ. ಎಕೋ ಮಾಡಲು ನನ್ನ ಹತ್ತಿರ ಬಂದ ಇಂಥ ಮಕ್ಕಳಲ್ಲಿ ತಾಯಂದಿರು ಮೊದಲು ಹೇಳುವುದು ಜ್ವರವನ್ನಲ್ಲ, ರಚ್ಚೆಯನ್ನು. ಪ್ಯಾರಾಸಿಟಮಾಲ್ ಕೊಟ್ಟರೂ, ಎತ್ತಿಕೊಂಡರೂ, ಹೆಗಲ ಮೇಲೆ ಹಾಕಿದರೂ ಸಮಾಧಾನವಾಗದ ರಚ್ಚೆ.

ಆದ್ದರಿಂದ ಜ್ವರದ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಐದನೇ ದಿನಕ್ಕೂ ಜ್ವರವಿದ್ದರೆ ಇವನ್ನು ಹುಡುಕಿ: ಪಿಚ್ಚು ಇಲ್ಲದೆ ಕೆಂಪಾದ ಎರಡೂ ಕಣ್ಣು, ಒಡೆದ ಕೆಂಪು ತುಟಿ, ಮೈಮೇಲೆ ದದ್ದು, ಊದಿದ ಅಂಗೈ ಅಂಗಾಲು, ಕುತ್ತಿಗೆಯ ಒಂದು ಕಡೆ ಗಂಟು. ಎಡತೋಳಿನ ಬಿಸಿಜಿ ಗುರುತನ್ನೂ ನೋಡಿ, ಹಳೆಯ ಆ ಕಲೆ ಹೊಸದಾಗಿ ಕೆಂಪಾಗಿ ಊದಿದ್ದರೆ ಅದು ದೊಡ್ಡ ಸುಳಿವು. ಚಿಕಿತ್ಸೆ ಸಿಗದ ನಾಲ್ಕು ಮಕ್ಕಳಲ್ಲಿ ಸುಮಾರು ಒಬ್ಬರಿಗೆ ಹೃದಯದ ರಕ್ತನಾಳ ಉಬ್ಬುತ್ತದೆ. ಜ್ವರ ಶುರುವಾದ ಹತ್ತು ದಿನದ ಒಳಗೆ ಇಮ್ಯುನೊಗ್ಲಾಬ್ಯುಲಿನ್ ಡ್ರಿಪ್ ಕೊಟ್ಟರೆ ಅದು ಇಪ್ಪತ್ತರಲ್ಲಿ ಒಬ್ಬರಿಗೆ ಇಳಿಯುತ್ತದೆ. ಈ ಗುರುತುಗಳು ಎಲ್ಲ ಒಟ್ಟಿಗೆ ಬರುವುದಿಲ್ಲ. ಮಂಗಳವಾರ ಕೆಂಪಾದ ಕಣ್ಣು ಗುರುವಾರ ಡಾಕ್ಟರ್ ನೋಡುವ ಹೊತ್ತಿಗೆ ತಿಳಿಯಾಗಿರಬಹುದು. ಕಂಡ ದಿನವೇ ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ, ಡಾಕ್ಟರಿಗೆ ತಾರೀಖಿನ ಸಮೇತ ತೋರಿಸಿ.