ಗಂಟೆಗೊಂದು ಸುತ್ತು

ಅಮೆರಿಕದ ಟೆನೆಸೀ ಸಂಸ್ಥಾನದಲ್ಲಿ ಗ್ಯಾರಿ ಕ್ಯಾಂಟ್ರೆಲ್ ಎಂಬವರು ಆರಂಭಿಸಿದ ‘ಬ್ಯಾಕ್‌ಯಾರ್ಡ್ ಅಲ್ಟ್ರಾ’ ಎಂಬ ಓಟದಲ್ಲಿ ಒಂದು ಸುತ್ತಿನ ಉದ್ದ ೬.೭೦೬ ಕಿಲೋಮೀಟರು. ಗಂಟೆ ಬಾರಿಸಿದಾಗ ಎಲ್ಲರೂ ಒಟ್ಟಿಗೆ ಹೊರಡಬೇಕು. ಒಂದು ಗಂಟೆಯೊಳಗೆ ಸುತ್ತನ್ನು ಮುಗಿಸಿ, ಮುಂದಿನ ಸುತ್ತಿಗೆ ಗೆರೆಯ ಬಳಿ ಸಿದ್ಧರಾಗಿ ನಿಂತಿರಬೇಕು. ತಪ್ಪಿದವರು ಸ್ಪರ್ಧೆಯಿಂದ ಹೊರಬೀಳುತ್ತಾರೆ.

ಇಲ್ಲಿ ಒಟ್ಟು ದೂರವನ್ನು ನಿರ್ಧರಿಸುವುದು ವೇಗವಲ್ಲ, ಸುತ್ತುಗಳ ಸಂಖ್ಯೆ. ೨೪ ಸುತ್ತು ಮುಗಿಸಿದವರೆಲ್ಲರೂ, ಬೇಗ ಓಡಿದ್ದರೂ ನಿಧಾನವಾಗಿ ಓಡಿದ್ದರೂ, ಸುಮಾರು ೧೬೧ ಕಿಲೋಮೀಟರು, ಅಂದರೆ ಸರಿಯಾಗಿ ೧೦೦ ಮೈಲಿ ಕ್ರಮಿಸಿರುತ್ತಾರೆ.

ಹಾಗಾದರೆ ವೇಗದಿಂದ ದೊರೆಯುವುದೇನು? ವಿಶ್ರಾಂತಿ. ನಾವು ಲೆಕ್ಕ ಹಾಕಿ ನೋಡೋಣ. ಗಂಟೆಗೆ ೭ ಕಿಲೋಮೀಟರಿನಂತೆ ಓಡಿದರೆ ಸುತ್ತಿಗೆ ಐವತ್ತೇಳೂವರೆ ನಿಮಿಷ ಹಿಡಿಯುತ್ತದೆ. ಉಳಿಯುವುದು ಎರಡೂವರೆ ನಿಮಿಷ. ೮ ಕಿಲೋಮೀಟರಿನಂತೆ ಓಡಿದರೆ ಹೆಚ್ಚುಕಡಿಮೆ ೧೦ ನಿಮಿಷ ಉಳಿಯುತ್ತದೆ. ಒಂದೇ ಕಿಲೋಮೀಟರಿನ ಹೆಚ್ಚಳಕ್ಕೆ ೭ ನಿಮಿಷಗಳ ಲಾಭ! ಆದರೆ ವೇಗವನ್ನು ೧೦ರಿಂದ ೧೧ಕ್ಕೆ ಏರಿಸಿದರೆ ದೊರೆಯುವ ಲಾಭ ೪ ನಿಮಿಷಕ್ಕೂ ಕಡಿಮೆ. ದೇಹದ ಶ್ರಮವಾದರೋ ಹೆಚ್ಚು.

ಉಳಿಸಿದ ನಿಮಿಷಗಳನ್ನು ಮುಂದಿನ ಗಂಟೆಗೆ ಕೂಡಿಡಲಾಗದು. ಊಟ, ನಿದ್ದೆ, ಪಾದದ ಬೊಬ್ಬೆಗಳ ಆರೈಕೆ, ಎಲ್ಲವೂ ಆ ಅವಧಿಯಲ್ಲಿಯೇ ಮುಗಿಯಬೇಕು. ಆದುದರಿಂದ, ದಣಿದ ಓಟಗಾರನ ವೇಗ ೮ರಿಂದ ೭ಕ್ಕೆ ಇಳಿದೊಡನೆ ಅವನ ವಿಶ್ರಾಂತಿಯ ಮುಕ್ಕಾಲು ಪಾಲು ಕರಗಿಹೋಗುತ್ತದೆ. ವಿಶ್ರಾಂತಿ ಕಡಿಮೆಯಾದಷ್ಟೂ ವೇಗ ಇನ್ನೂ ಕುಗ್ಗುತ್ತದೆ. ಸೋಲು ಸಮೀಪಿಸಿದುದನ್ನು ಗಡಿಯಾರವು ಹೀಗೆ ಮೊದಲೇ ತಿಳಿಸುತ್ತದೆ.