ಬಲಗೈ ನನಗೆ, ಎಡಗೈ ಮಿಠಾಯಿಗೆ

ಶ್ರಾವಣದ ಹುಣ್ಣಿಮೆಯ ಸಂಜೆ ಫೋನ್ ತೆರೆದರೆ ಎಲ್ಲರ ಸ್ಟೇಟಸ್‌ನಲ್ಲೂ ಒಂದೇ ಬಗೆಯ ಫೋಟೊ. ಅಕ್ಕನೋ ತಂಗಿಯೋ ರಾಖಿ ಕಟ್ಟುತ್ತಿದ್ದಾಳೆ, ಹಣೆಗೆ ಕುಂಕುಮ ಇಟ್ಟುಕೊಂಡ ಹುಡುಗ ಕೈ ಚಾಚಿ ಕೂತಿದ್ದಾನೆ, ಪಕ್ಕದಲ್ಲಿ ಆರತಿ ತಟ್ಟೆ. ಫೋಟೊ ಒಂದೇ ಥರ ಇದ್ದರೆ ತಪ್ಪೇನಿಲ್ಲ, ಹಬ್ಬ ಇರುವುದೇ ಹಾಗೆ. ಬೇಸರವಾಗುವುದು ಅದರ ಕೆಳಗಿನ ಬರಹ ನೋಡಿದಾಗ. ‘ನನ್ನ ಪ್ರೀತಿಯ ತಮ್ಮನಿಗೆ ರಕ್ಷಾಬಂಧನದ ಹಾರ್ದಿಕ ಶುಭಾಶಯಗಳು, ನೀನೇ ನನ್ನ ಶಕ್ತಿ.’ ಈ ಸಾಲನ್ನು ಎತ್ತಿ ಪಕ್ಕದ ಮನೆಯ ಫೋಟೊದ ಕೆಳಗೆ ಇಟ್ಟರೂ ಯಾರಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಬರೆದವಳ ಪ್ರೀತಿ ನಿಜವೇ. ಆದರೆ ಸಾಲಿನಲ್ಲಿ ಅವಳೂ ಇಲ್ಲ, ಅವನೂ ಇಲ್ಲ.

ಒಡಹುಟ್ಟಿದವರು ಮನೆಯಲ್ಲಿ ಹೀಗೆ ಮಾತಾಡುವುದೇ ಇಲ್ಲ. ಕಾಲೆಳೆಯುತ್ತಾರೆ. ಫೋಟೊದ ಕೆಳಗೂ ಅದೇ ಮಾತು ಬಂದರೆ ಪ್ರೀತಿ ತಾನಾಗಿ ಬರುತ್ತದೆ, ಅದನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಆದರೆ ಮನೆಯೊಳಗಿನ ಕೀಟಲೆಯನ್ನು ಊರೆಲ್ಲ ಓದುವ ಜಾಗಕ್ಕೆ ತರುವಾಗ ಸ್ವಲ್ಪ ಕೈಕೆಲಸ ಬೇಕು. ಮನೆಯಲ್ಲಿ ದನಿ ಇರುತ್ತದೆ, ನಗು ಇರುತ್ತದೆ, ಬೆನ್ನಿಗೊಂದು ಗುದ್ದು ಇರುತ್ತದೆ. ಫೋಟೊದ ಕೆಳಗೆ ಇರುವುದು ಅಕ್ಷರ ಮಾತ್ರ.

ಒಂದು ಫೋಟೊ ಕಲ್ಪಿಸಿಕೊಳ್ಳೋಣ. ಮೈಸೂರಿನ ಒಂದು ಮನೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ತಮ್ಮ ಬೆಳಗಿನ ರೈಲಿಗೆ ಬಂದಿದ್ದಾನೆ. ಅಕ್ಕ ತಲೆ ಬಗ್ಗಿಸಿ ಅವನ ಬಲಗೈಗೆ ರಾಖಿಯ ಗಂಟು ಹಾಕುತ್ತಿದ್ದಾಳೆ. ಆರತಿ ಇನ್ನೂ ಆಗಿಲ್ಲ. ಅವನ ಎಡಗೈಯಲ್ಲಿ ಅರ್ಧ ಕಚ್ಚಿದ ಕೊಬ್ಬರಿ ಮಿಠಾಯಿ, ಕೆನ್ನೆ ಉಬ್ಬಿದೆ. ರಾಖಿ ಕಟ್ಟಿ, ಆರತಿ ಎತ್ತಿ, ಆಮೇಲೆ ಅಕ್ಕ ಸಿಹಿ ತಿನ್ನಿಸುವುದು ಕ್ರಮ. ಇವನು ಕ್ರಮಕ್ಕೆ ಕಾದಿಲ್ಲ. ಈ ಫೋಟೊಗೆ ಏನು ಬರೆಯಬಹುದು?

ಮೊದಲು ಕೈಗೆ ಬರುವುದು ಇಂಥದ್ದು: ‘ಹೊಟ್ಟೆಬಾಕ ತಮ್ಮ! ಇವನಿಗೆ ರಾಖಿಗಿಂತ ತಿಂಡಿಯೇ ಮುಖ್ಯ.’ ಮನೆಯಲ್ಲಿ ಇದನ್ನು ದಿನಕ್ಕೆ ನಾಲ್ಕು ಸಲ ಹೇಳಿದರೂ ನಡೆಯುತ್ತದೆ. ಅಕ್ಷರದಲ್ಲಿ ಮಾತ್ರ ಇದು ಬೈಗುಳವಾಗುತ್ತದೆ. ಕಾರಣ, ಇಲ್ಲಿ ಅವನು ಮಾಡಿದ್ದೇನು ಎಂಬುದಿಲ್ಲ, ಅವನು ಎಂಥವನು ಎಂಬ ತೀರ್ಪು ಮಾತ್ರ ಇದೆ. ತೀರ್ಪು ಓದುಗರಿಗೆ ನೋಡಲು ಏನನ್ನೂ ಉಳಿಸುವುದಿಲ್ಲ. ಹಾಗಾಗಿ ಕೀಟಲೆಯ ಸಾಲಿಗೆ ಹೆಸರಿಡುವ ಪದ ಬೇಡ, ಕಂಡ ಸಂಗತಿ ಬೇಕು.

ಸಂಗತಿಯನ್ನೇ ಬರೆದು ನೋಡೋಣ: ‘ಆರತಿ ಎತ್ತುವ ಮೊದಲೇ ತಟ್ಟೆಯಲ್ಲಿದ್ದ ಕೊಬ್ಬರಿ ಮಿಠಾಯಿ ತಮ್ಮನ ಬಾಯಿ ಸೇರಿದೆ.’ ಇದು ಮೊದಲಿಗಿಂತ ಎಷ್ಟೋ ವಾಸಿ. ಓದಿದವರು ತಕ್ಷಣ ಫೋಟೊ ಹಿಗ್ಗಿಸಿ ಅವನ ಕೆನ್ನೆ ನೋಡುತ್ತಾರೆ. ಆದರೂ ಒಂದು ಕೊರತೆ ಇದೆ. ಇದನ್ನು ಎದುರು ಕೂತ ಚಿಕ್ಕಮ್ಮನೂ ಬರೆಯಬಹುದಿತ್ತು. ಅಕ್ಕನಿಗೆ ಮಾತ್ರ ಗೊತ್ತಿರುವ ಒಂದು ಮಾತು ಸೇರಿದರೆ ಸಾಲು ಅವಳದಾಗುತ್ತದೆ. ತಮ್ಮ ಹೀಗೇ ಮಾಡುತ್ತಾನೆಂದು ಅವಳಿಗೆ ಮೊದಲೇ ಗೊತ್ತಿತ್ತು, ಅದಕ್ಕೇ ಹಿಂದಿನ ರಾತ್ರಿ ಕೂತು ಎರಡು ಡಬ್ಬಿ ಮಿಠಾಯಿ ಮಾಡಿಟ್ಟಿದ್ದಳು ಎಂದುಕೊಳ್ಳಿ. ಆಗ ಕ್ಯಾಪ್ಶನ್ ಹೀಗಾಗುತ್ತದೆ:

‘ಬಲಗೈ ನನಗೆ ಕೊಟ್ಟ, ಎಡಗೈ ಕೊಬ್ಬರಿ ಮಿಠಾಯಿಗೆ. ಗೊತ್ತಿದ್ದೇ ಎರಡು ಡಬ್ಬಿ ಮಾಡಿಟ್ಟಿದ್ದೆ ಕಣೋ.’

ಇಲ್ಲಿ ಪ್ರೀತಿ ಎಂಬ ಪದ ಎಲ್ಲೂ ಇಲ್ಲ. ಎರಡು ಡಬ್ಬಿ ಇದೆ, ಅಷ್ಟು ಸಾಕು. ಇನ್ನೊಂದು ವಿಷಯ ಗಮನಿಸಿ. ಮೊದಲ ವಾಕ್ಯ ನೋಡುವವರಿಗೆ ಹೇಳಿದ್ದು, ಅದರಲ್ಲಿ ತಮ್ಮ ‘ಅವನು’. ಎರಡನೆಯದರಲ್ಲಿ ಅಕ್ಕ ಅವನ ಕಡೆಗೇ ತಿರುಗಿ ‘ಕಣೋ’ ಎನ್ನುತ್ತಾಳೆ. ಜಗತ್ತಿಗೆ ದೂರು ಹೇಳುತ್ತ ಹೇಳುತ್ತ ಅವನ ತಲೆ ನೇವರಿಸಿದ ಹಾಗಾಯಿತು. ಇದೇ ಎರಡು ವಾಕ್ಯಗಳನ್ನು ಹಿಂದುಮುಂದು ಮಾಡಿ ನೋಡಿ, ಕೊನೆಯಲ್ಲಿ ದೂರು ಉಳಿದುಬಿಡುತ್ತದೆ. ಕೀಟಲೆ ಮೊದಲು, ಅಕ್ಕರೆ ಆಮೇಲೆ ಬಂದರೆ ಓದಿದವರ ಮನಸ್ಸಿನಲ್ಲಿ ಅಕ್ಕರೆಯೇ ನಿಲ್ಲುತ್ತದೆ. ಇದರ ಪಕ್ಕ ನಗುವ ಮುಖಗಳ ಸಾಲು ಹಾಕಬೇಕೆನಿಸಿದರೆ ವಾಕ್ಯವನ್ನು ಮತ್ತೊಮ್ಮೆ ತಿದ್ದಿ. ನಗು ಸಾಲಿನಲ್ಲಿ ಇಲ್ಲದಿದ್ದಾಗಲೇ ಆ ಮುಖಗಳ ಸಹಾಯ ಬೇಕೆನಿಸುವುದು.

ತಮ್ಮನನ್ನು ಆಡಿಕೊಳ್ಳುವುದು ಸುಲಭ, ಅಕ್ಕನಿಗೆ ವಯಸ್ಸಿನ ಬಲವಿದೆ. ಅಣ್ಣನ ವಿಷಯ ಬೇರೆ. ಕೆಲವು ಮನೆಗಳಲ್ಲಿ ತಂಗಿ ಅಣ್ಣನನ್ನು ‘ನೀನು’ ಎನ್ನುತ್ತಾಳೆ, ಕೆಲವು ಮನೆಗಳಲ್ಲಿ ‘ನೀವು’. ಮನೆಯಲ್ಲಿ ಹೇಗೋ ಬರಹದಲ್ಲೂ ಹಾಗೇ ಇರಲಿ. ಹಬ್ಬದ ದಿನ ಎಂದು ಇದ್ದಕ್ಕಿದ್ದಂತೆ ಬಹುವಚನ ಹಚ್ಚಿದರೆ ಓದುವವರಿಗೆ ಆಮಂತ್ರಣ ಪತ್ರಿಕೆ ಓದಿದ ಹಾಗಾಗುತ್ತದೆ. ಅಣ್ಣನ ಗತ್ತನ್ನೇ ಮುಟ್ಟುವ ಒಂದು ಸಾಲು ನೋಡಿ: ‘ಕವರಿನ ಮೇಲಿನ ಅಕ್ಷರ ಅತ್ತಿಗೇದು, ಹಬ್ಬ ನೆನಪಿಸಿದ್ದೂ ಅತ್ತಿಗೇನೇ. ಆದ್ರೂ ಕೈ ಚಾಚಿ ಕೂತ ಗತ್ತು ನೋಡಿ ನಮ್ಮಣ್ಣಂದು!’ ಇದರಲ್ಲಿ ಅಣ್ಣನ ಮರೆವೂ ಇದೆ, ಅತ್ತಿಗೆಗೆ ಸಲ್ಲಬೇಕಾದ ಗೌರವವೂ ಇದೆ. ಆದರೆ ಕವರಿನೊಳಗೆ ಎಷ್ಟಿತ್ತು ಎಂಬ ಮಾತಿಗೆ ಹೋಗಬಾರದು. ‘ಈ ಸಲವೂ ಐನೂರೇ’ ಎಂದು ಬರೆದರೆ ಅಣ್ಣ ನಕ್ಕಾನು, ಅತ್ತಿಗೆಯ ತವರಿನವರು ನಗುವುದಿಲ್ಲ.

ಯಾವುದನ್ನು ಮುಟ್ಟಬಾರದು ಎಂಬುದಕ್ಕೆ ನನಗೆ ಕಾಣುವ ಅಳತೆ ಒಂದೇ. ಅವನು ತಾನೇ ನಗುತ್ತ ನಾಲ್ಕು ಜನರ ಮುಂದೆ ಹೇಳಿಕೊಳ್ಳುವ ವಿಷಯವಾದರೆ ಬರೆಯಬಹುದು. ತಡವಾಗಿ ಏಳುವುದು, ಅಂಗಿಯ ಇಸ್ತ್ರಿ ಮರೆಯುವುದು, ಫೋಟೊ ಎಂದರೆ ಕಣ್ಣು ಮುಚ್ಚುವುದು ಈ ಸಾಲಿಗೆ ಸೇರುತ್ತವೆ. ತಲೆಗೂದಲು ಉದುರಿದ್ದು, ಮೈಬಣ್ಣ, ತೂಕ, ಸಿಗದ ಕೆಲಸ, ಮುಂದೆ ಹೋಗುತ್ತಿರುವ ಮದುವೆ ಸೇರುವುದಿಲ್ಲ. ಅವನ ಆಫೀಸಿನವರು, ಹೆಣ್ಣು ನೋಡಲು ಹೊರಟಿರುವ ಮನೆಯವರು, ಶಾಲೆಯ ಮೇಷ್ಟ್ರು ಎಲ್ಲರೂ ಅದನ್ನು ಓದುತ್ತಾರೆ. ಅನುಮಾನ ಬಂದರೆ ಹಾಕುವ ಮುಂಚೆ ಅವನಿಗೇ ಕಳಿಸಿ. ತಿರುಗಿ ಬೈದರೆ ಹಾಕಬಹುದು. ‘ಸರಿ, ಹಾಕು’ ಎಂದಷ್ಟೇ ಬಂದರೆ ಬೇಡ, ಇನ್ನೊಂದು ಸಾಲು ಯೋಚಿಸಿ.

ಕರ್ನಾಟಕದವರಿಗೆ ಇಲ್ಲಿ ಇನ್ನೊಂದು ಅನುಕೂಲವಿದೆ. ನಮ್ಮಲ್ಲಿ ಈ ಹುಣ್ಣಿಮೆ ಮುಖ್ಯವಾಗಿ ಜನಿವಾರ ಬದಲಿಸುವ ನೂಲ ಹುಣ್ಣಿಮೆ. ಅಣ್ಣ ತಂಗಿಯರ ಹಳೆಯ ಹಬ್ಬ ಅದಕ್ಕಿಂತ ಹತ್ತು ದಿನ ಮೊದಲು ಬರುವ ನಾಗರಪಂಚಮಿ. ಹಳೇ ಮೈಸೂರು, ಮಲೆನಾಡಿನ ಹಲವು ಮನೆಗಳಲ್ಲಿ ಅಂದು ಅಕ್ಕತಂಗಿಯರು ಒಡಹುಟ್ಟಿದ ಗಂಡುಮಕ್ಕಳ ಬೆನ್ನಿಗೆ ಹೂವಿನಿಂದ ಹಾಲು ಹಚ್ಚುತ್ತಾರೆ. ಉತ್ತರ ಕರ್ನಾಟಕದಲ್ಲಿ ಪಂಚಮಿ ಎಂದರೆ ಜೋಕಾಲಿ, ಉಂಡಿ, ಅಳ್ಳು, ತವರು. ಅಣ್ಣ ಕರೆಯಲು ಬರುತ್ತಾನೆಂದು ದಾರಿ ಕಾಯುವ ಹೆಣ್ಣುಮಗಳು ಅಲ್ಲಿನ ಜನಪದ ಹಾಡುಗಳಲ್ಲಿ ಮತ್ತೆ ಮತ್ತೆ ಬರುತ್ತಾಳೆ. ರಾಖಿಯ ಫೋಟೊಗೆ ಈ ಹಳೆಯ ಲೆಕ್ಕವನ್ನು ಧಾರವಾಡದ ತಂಗಿ ಎಷ್ಟು ಚೆನ್ನಾಗಿ ಎಳೆದು ತರಬಹುದು ನೋಡಿ: ‘ಪಂಚಮಿಗೆ ಕರಿಯಾಕ ಬರ್ಲಿಲ್ಲ, ರಾಖಿಗೆ ತಾನ ಬಂದು ಕುಂತಾನ. ಉಂಡಿ ಡಬ್ಬಿ ಎಲ್ಲೈತಿ ಅಂತ ಕೇಳಾಕತ್ತಾನ ನೋಡ್ರಿ ನಮ್ಮಣ್ಣ.’ ಇದನ್ನು ಪುಸ್ತಕದ ಕನ್ನಡಕ್ಕೆ ತಿದ್ದಿದರೆ ಜೀವ ಹೋಗುತ್ತದೆ. ಬರೆದ ಮೇಲೆ ಒಮ್ಮೆ ಗಟ್ಟಿಯಾಗಿ ಓದಿ. ನಾಲಿಗೆ ತಡವರಿಸಿದರೆ ಅದು ನಿಮ್ಮ ಮನೆಯ ಮಾತಲ್ಲ.

ದೂರದ ಊರಿನಲ್ಲಿರುವ ಅಣ್ಣತಮ್ಮಂದಿರ ಫೋಟೊ ಬೇರೆ ರೀತಿ ಇರುತ್ತದೆ. ಅಂಚೆಯಲ್ಲಿ ಬಂದ ರಾಖಿಯನ್ನು ಅವನು ತಾನೇ ಕಟ್ಟಿಕೊಂಡು ಸೆಲ್ಫಿ ಕಳಿಸುತ್ತಾನೆ. ಇಲ್ಲೊಂದು ಚಂದದ ಸುಳಿವು ಸಿಗುತ್ತದೆ. ಬಲಗೈ ಬಳಸುವವನು ತಾನೇ ಕಟ್ಟಿಕೊಂಡರೆ ರಾಖಿ ಸಾಮಾನ್ಯವಾಗಿ ಎಡಗೈಗೇ ಬೀಳುತ್ತದೆ, ಗಂಟು ಹಾಕಲು ಬಲಗೈ ಬೇಕಲ್ಲ. ‘ರಾಖಿ ಎಡಗೈಯಲ್ಲಿದೆ, ಗಂಟು ಹಲ್ಲಿನಲ್ಲಿ ಎಳೆದದ್ದು. ಮುಂದಿನ ವರ್ಷ ಬಾ, ಸರಿಯಾದ ಕೈಗೆ ನಾನೇ ಕಟ್ಟುತ್ತೇನೆ’ ಎಂದರೆ ಅವನು ಇಲ್ಲದ್ದರ ನೋವೂ ಅದರಲ್ಲಿ ಬಂತು. ಆದರೆ ಬರೆಯುವ ಮುಂಚೆ ಒಂದು ಪರೀಕ್ಷೆ ಮಾಡಿ. ಹಲವು ಫೋನುಗಳ ಮುಂದಿನ ಕ್ಯಾಮೆರಾ ಕನ್ನಡಿಯಂತೆ ಎಡಬಲ ತಿರುಗಿಸಿ ಫೋಟೊ ಉಳಿಸುತ್ತದೆ. ಅಂಗಿಯ ಮೇಲಿನ ಅಕ್ಷರವೋ ಹಿಂದಿನ ಕ್ಯಾಲೆಂಡರೋ ಉಲ್ಟಾ ಕಂಡರೆ ಕೈಯೂ ಉಲ್ಟಾ ಎಂದೇ ಲೆಕ್ಕ.

ಎಲ್ಲಿ ಹಾಕುತ್ತೀರಿ ಎಂಬುದರ ಮೇಲೆ ಉದ್ದವೂ ನಿಲ್ಲುತ್ತದೆ. ಇನ್‌ಸ್ಟಾಗ್ರಾಂ 2,200 ಅಕ್ಷರಗಳವರೆಗೆ ಬಿಡುತ್ತದೆ, ಆದರೆ ಮೊದಲಿಗೆ ಕಾಣುವುದು ಒಂದೆರಡು ಸಾಲು ಮಾತ್ರ, ಉಳಿದದ್ದು ಒತ್ತಿದರೆ ತೆರೆಯುತ್ತದೆ. ಹಾಗಾಗಿ ಶುಭಾಶಯದಿಂದ ಶುರುಮಾಡಿದರೆ ಕೀಟಲೆ ಒಳಗೇ ಹೂತುಹೋಗುತ್ತದೆ. ಕೀಟಲೆ ಮೇಲಿರಲಿ, ಶುಭಾಶಯ ಬೇಕಿದ್ದರೆ ಕೊನೆಗೆ. ವಾಟ್ಸಾಪ್ ಸ್ಟೇಟಸ್‌ನಲ್ಲಿ ಬರಹ ಫೋಟೊದ ಮೇಲೆಯೇ ಕೂರುವುದರಿಂದ ಉದ್ದವಾದರೆ ತಟ್ಟೆಯೂ ಮಿಠಾಯಿಯೂ ಅದರ ಕೆಳಗೆ ಮುಚ್ಚಿಹೋಗುತ್ತವೆ. ಅಲ್ಲಿಗೆ ಒಂದೇ ವಾಕ್ಯ ಸಾಕು.

ಸ್ಟೇಟಸ್ 24 ಗಂಟೆಯಲ್ಲಿ ಮಾಯವಾಗುತ್ತದೆ. ಉಳಿಯಬೇಕಾದ ಫೋಟೊವನ್ನು ಪ್ರಿಂಟ್ ಹಾಕಿಸಿ ಆಲ್ಬಮ್ಮಿಗೆ ಸೇರಿಸಿ, ಅದೇ ಸಾಲನ್ನು ಬರೆದಿಡಿ. ಆಗ ಊರು, ಇಸವಿ, ಯಾರ ಮನೆ ಎಂಬುದನ್ನೂ ಸೇರಿಸಬೇಕು, ಏಕೆಂದರೆ ಇವತ್ತು ಎಲ್ಲರಿಗೂ ಗೊತ್ತಿರುವ ಸಂಗತಿ ಮುಂದೆ ಆಲ್ಬಮ್ ತಿರುಗಿಸುವ ಮಕ್ಕಳಿಗೆ ಗೊತ್ತಿರುವುದಿಲ್ಲ. ಫೋಟೊದ ಬೆನ್ನಿಗೆ ಪೆನ್ನಿನಲ್ಲಿ ಒತ್ತಿ ಬರೆದರೆ ಅಚ್ಚು ಮುಂದಕ್ಕೆ ಮೂಡುತ್ತದೆ, ಶಾಯಿ ಪಕ್ಕದ ಫೋಟೊಗೂ ಅಂಟುತ್ತದೆ. ಮೆತ್ತನೆಯ ಪೆನ್ಸಿಲ್ ಒಳ್ಳೆಯದು. ನುಣುಪು ಕಾಗದದ ಮೇಲೆ ಪೆನ್ಸಿಲ್ ನಿಲ್ಲದಿದ್ದರೆ ಬೇರೆ ಚೀಟಿಯಲ್ಲಿ ಬರೆದು ಫೋಟೊದ ಕೆಳಗೆ ಸಿಕ್ಕಿಸಿ.